ಮೊದಲು ಸ್ವರ ಆರಿಸಿ, ಆಮೇಲೆ ಹೆಸರು

ಮುರ್ಡೇಶ್ವರದ ಕಡಲತಡಿಯಲ್ಲಿ ನಿಂತರೆ, ಬಾನು ತಿಳಿಯಾಗಿದ್ದ ದಿನ ದೂರದಲ್ಲಿ ನೇತ್ರಾಣಿ ಗುಡ್ಡ ಕಾಣುತ್ತದೆ. ಹಿಂದಿನವರು ಅದನ್ನು ಪಾರಿವಾಳಗಳ ದ್ವೀಪ ಎಂದೂ ಕರೆದಿದ್ದಾರೆ. ಈ ಊರಿನ ಮನೆಯೊಂದಕ್ಕೆ ಹೊಸದಾಗಿ ಒಂದು ಪುಟ್ಟ ಗಿಳಿ ಬಂದಿದೆ, ಅದಕ್ಕೆ ಹೆಸರಿಡಬೇಕು ಎಂದಿಟ್ಟುಕೊಳ್ಳಿ. ಮಗಳಿಗೆ ‘ನೇತ್ರಾಣಿ’ ಎಂದೇ ಆಗಬೇಕು. ಅಜ್ಜಿಗೆ ಶಿವನ ಊರಲ್ಲಿ ‘ಶಂಭು’ ಬಿಟ್ಟು ಬೇರೆ ಹೆಸರು ಯಾಕೆ ಅನ್ನಿಸುತ್ತದೆ. ತಾಯಿಯ ಮನಸ್ಸಿನಲ್ಲಿರುವುದು ‘ಸ್ನೇಹಾ’. ಮಗನಿಗೆ ಸಿನಿಮಾ ನೋಡಿದಂದಿನಿಂದ ‘ರಾಕಿ’ ಬಿಟ್ಟು ಬೇರೇನೂ ಬೇಡ. ನಾಲ್ಕೂ ಹೆಸರು ಮನುಷ್ಯರ ಕಿವಿಗೆ ಚೆನ್ನಾಗಿಯೇ ಇವೆ. ಆದರೆ ಹಕ್ಕಿ ತನ್ನ ಹೆಸರನ್ನು ತಾನೇ ಹೇಳಬೇಕು, ಅದೂ ಪಕ್ಕದ ಮನೆಯವರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬ ಆಸೆಯಿದ್ದರೆ ಇವುಗಳಲ್ಲಿ ಒಂದು ಮಾತ್ರ ಸಲೀಸಾಗಿ ಪಾಸಾಗುತ್ತದೆ. ಯಾವುದು, ಯಾಕೆ ಎಂದು ನೋಡುವ ಮೊದಲು ಯಾವ ಗಿಳಿ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಭಟ್ಕಳದಿಂದ ಕುಮಟಾದವರೆಗೆ ತೋಟದಲ್ಲಿ, ಗದ್ದೆಯ ಅಂಚಿನಲ್ಲಿ ಹಾರಾಡುವ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವಂತಿಲ್ಲ. ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಸಾಮಾನ್ಯ ಗಿಳಿ, ನೇರಳೆ ತಲೆಯ ಗಿಳಿ, ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿ, ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ನೀಲಿ, ಹಳದಿ ಬಣ್ಣ ಬರಿಸಿದ ಇದೇ ಗಿಳಿಯನ್ನು ‘ವಿದೇಶಿ ತಳಿ’ ಎಂದು ಹೇಳಿ ಮಾರುವವರಿದ್ದಾರೆ. ಬಣ್ಣ ಬೇರೆಯಾದ ಮಾತ್ರಕ್ಕೆ ಜಾತಿ ಬೇರೆಯಾಗುವುದಿಲ್ಲ ಎಂಬುದು ನೆನಪಿರಲಿ. ಗಾಳಿಗೆ ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಹೆಸರಿಡಲು ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಸಾಕಲು ಉಳಿಯುವುದು ಪಂಜರದಲ್ಲೇ ಹುಟ್ಟಿ ಬೆಳೆದ ಹೊರದೇಶದ ಜಾತಿಗಳು. ಆಫ್ರಿಕದ ಬೂದು ಗಿಳಿಯಂಥವನ್ನು ಕೊಂಡರೆ ಕೇಂದ್ರ ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಸ್ಟ್ರೇಲಿಯ ಮೂಲದ ಬಡ್ಜಿಗೆ ಆ ರಗಳೆ ಇಲ್ಲ.

ಹೀಗಾಗಿ ನಮ್ಮ ಕಡೆಯ ಮನೆಗಳಿಗೆ ಬರುವುದು ಹೆಚ್ಚಾಗಿ ಬಡ್ಜಿಯೇ. ಅಂಗಡಿಯಲ್ಲಿ ಅದಕ್ಕೆ ‘ಲವ್ ಬರ್ಡ್ಸ್’ ಎನ್ನುತ್ತಾರೆ. ನಿಜವಾದ ಲವ್ ಬರ್ಡ್ ಬೇರೆಯೇ ಹಕ್ಕಿ, ಅದು ಮಾತು ಕಲಿಯುವುದು ಅಪರೂಪ. ಬಡ್ಜಿ ಹಾಗಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಪಕ್ ಎಂಬ ಬಡ್ಜಿ 1,728 ಪದಗಳಿಂದ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದೆ. ಆದರೆ ಮಾತು ಬೇಕಿದ್ದರೆ ಗಂಡು ಹಕ್ಕಿಯನ್ನೇ ತನ್ನಿ, ಹೆಣ್ಣು ಕಲಿಯುವುದು ಕಡಿಮೆ. ಕೊಕ್ಕಿನ ಬುಡದಲ್ಲಿ, ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಜಾಗ ಬೆಳೆದ ಗಂಡಿನಲ್ಲಿ ಸಾಮಾನ್ಯವಾಗಿ ನೀಲಿಯಾಗಿರುತ್ತದೆ, ಹೆಣ್ಣಿನಲ್ಲಿ ಕಂದು. ಮರಿಯಲ್ಲಿ ಈ ಗುರುತು ಅಷ್ಟು ಸ್ಪಷ್ಟವಲ್ಲ. ಮಾರುವವನ ಮಾತನ್ನಷ್ಟೇ ನಂಬಿ ತಂದ ‘ರಾಜ’ ಆಮೇಲೆ ಮೊಟ್ಟೆಯಿಟ್ಟ ಕತೆಗಳು ಬೇಕಾದಷ್ಟಿವೆ.

ಈಗ ಬಾಯಿಯ ವಿಷಯ. ನಾವು ‘ಪ’, ‘ಬ’, ‘ಮ’ ಹೇಳುವಾಗ ಎರಡು ತುಟಿ ಸೇರಿ ಬಿಡುತ್ತವೆ. ಗಿಳಿಗೆ ತುಟಿಯೇ ಇಲ್ಲ, ಇರುವುದು ಗಟ್ಟಿ ಕೊಕ್ಕು. ಹಲ್ಲೂ ಇಲ್ಲ, ಹಾಗಾಗಿ ‘ವ’, ‘ಫ’ ಹೇಳಲು ಹಲ್ಲು ತುಟಿಗೆ ತಾಗಿಸುವ ಮಾತೂ ಇಲ್ಲ. ನಮ್ಮ ಧ್ವನಿ ಗಂಟಲಿನ ಮೇಲ್ಭಾಗದಲ್ಲಿ ಹುಟ್ಟಿದರೆ ಅದರ ಧ್ವನಿ ಇನ್ನೂ ಕೆಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಹುಟ್ಟುತ್ತದೆ. ಇಷ್ಟೆಲ್ಲ ಇಲ್ಲದಿದ್ದರೂ ಗಿಳಿಗೆ ಹೆಚ್ಚಿನ ಹಕ್ಕಿಗಳಿಗಿಲ್ಲದ ಒಂದು ಭಾಗ್ಯವಿದೆ: ದಪ್ಪನೆಯ, ಮಾಂಸಲವಾದ ನಾಲಿಗೆ. 2004ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಮಾಂಕ್ ಜಾತಿಯ ಗಿಳಿಗಳ ಮೇಲೆ ಒಂದು ವಿಚಿತ್ರ ಪ್ರಯೋಗ ಮಾಡಿದರು. ಸತ್ತ ಹಕ್ಕಿಯ ಧ್ವನಿಯಂಗದ ಜಾಗದಲ್ಲಿ ಪುಟ್ಟ ಸ್ಪೀಕರ್ ಇಟ್ಟು, ನಾಲಿಗೆಯನ್ನು ಅತ್ತಿತ್ತ ಸರಿಸಿ, ಹೊರಬರುವ ಸದ್ದನ್ನು ಅಳೆದರು. ನಾಲಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಜರುಗಿದರೆ ಸಾಕು, ಮನುಷ್ಯರ ‘ಆ’ ಮತ್ತು ‘ಓ’ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ಬದಲಾವಣೆ ಸದ್ದಿನಲ್ಲಿ ಆಗುತ್ತಿತ್ತು.

ಸ್ವರ ಎಂದರೆ ಇದೇ ತಾನೆ? ‘ಆ’ ಅನ್ನುವಾಗ ನಮ್ಮ ಬಾಯಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಗಾಳಿ ತಡೆಯಿಲ್ಲದೆ ಹೊರಬರುತ್ತದೆ, ನಾಲಿಗೆಯ ಭಂಗಿ ಮಾತ್ರ ಅದು ‘ಆ’ ಆಗಬೇಕೋ ‘ಈ’ ಆಗಬೇಕೋ ಎಂದು ನಿರ್ಧರಿಸುತ್ತದೆ. ತುಟಿ, ಹಲ್ಲು ಬೇಡದ, ನಾಲಿಗೆಯೊಂದರಿಂದ ಆಗುವ ಕೆಲಸ ಇದು, ಗಿಳಿ ಮಾಡಬಲ್ಲದ್ದೂ ಇದನ್ನೇ. ಜೊತೆಗೆ ಸ್ವರವನ್ನು ಎಳೆಯಬಹುದು, ಗಟ್ಟಿಯಾಗಿ ಕೂಗಬಹುದು. ‘ಕ’ದಿಂದ ಸ್ವರ ತೆಗೆದರೆ ಉಳಿಯುವುದು ಕ್ಷಣಾರ್ಧದ ಒಂದು ‘ಟಕ್’. ಫ್ಯಾನು, ಮಿಕ್ಸರು, ಕಡಲ ಮೊರೆತದ ನಡುವೆ ಕೂತ ಹಕ್ಕಿಗೆ ಆ ‘ಟಕ್’ ಕೇಳದೆ ಹೋಗಬಹುದು. ‘ಆ’ ಕೇಳದೆ ಇರುವುದಿಲ್ಲ.

ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಶಿಕಾಗೋದ ಅಂಗಡಿಯೊಂದರಿಂದ ತಂದು ಮೂವತ್ತು ವರ್ಷ ಕಲಿಸಿದ ಬೂದು ಗಿಳಿ ಅಲೆಕ್ಸ್ 2007ರಲ್ಲಿ ತೀರಿಕೊಂಡಿತು. ಅದು ಮೊದಲು ಕಲಿತ ಪದಗಳಲ್ಲಿ ಒಂದು ‘ಪೇಪರ್’. ಮೊದಲಿಗೆ ಬಾಯಿಂದ ಬಂದದ್ದು ಮಾತ್ರ ‘ಪ’ಕಾರಗಳಿಲ್ಲದ, ಬರೀ ಸ್ವರಗಳ ‘ಏ-ಅ’. ಪ ಕೂಡಿದ್ದು ಆಮೇಲೆ. ಮುಂದೆ ‘ಸ್ಪೂಲ್’ ಎಂಬ ಪದ ಕಲಿಸುವಾಗಲೂ ಅಲೆಕ್ಸ್ ಬಹಳ ಕಾಲ ‘ಸ್’ ಎಂದು ನಿಂತು, ಒಂದು ಬಿಡುವು ಕೊಟ್ಟು, ‘ಊಲ್’ ಎನ್ನುತ್ತಿತ್ತು. ತುಟಿಯಿಲ್ಲದ ಹಕ್ಕಿ ‘ಪ’ದ ಜಾಗವನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದ ಹಾಗೆ. ಕೊನೆಗೆ ‘ಪ’ವೂ ಬಂತು. ಗಂಟಲಿನ ಒಳಗೆಲ್ಲೋ ಬೇರೆ ದಾರಿಯಲ್ಲಿ ಅದನ್ನು ಹೊರಡಿಸುವ ಉಪಾಯ ಅದಕ್ಕೆ ಹೊಳೆದಿತ್ತು. ಹಾಗಾಗಿ ಗಿಳಿ ‘ಪ, ಬ, ಮ’ ಹೇಳಲಾರದು ಎಂದು ಖಡಾಖಂಡಿತ ಹೇಳಿದರೆ ತಪ್ಪಾದೀತು. ‘ಮಿಠು’ ಎನ್ನುವ ಗಿಳಿಗಳನ್ನು ಎಲ್ಲರೂ ಕೇಳಿದ್ದೇವೆ. ಆದರೆ ಅವು ಕೊನೆಗೆ ಬರುವ ಅಕ್ಷರಗಳು, ಬಾರದೆಯೂ ಇರಬಹುದಾದ ಅಕ್ಷರಗಳು. ಹೆಸರು ಅವುಗಳ ಮೇಲೆ ನಿಂತಿರಬಾರದು.

ಬಡ್ಜಿಯ ವಿಷಯದಲ್ಲಿ ಇನ್ನೊಂದು ತೊಡಕು ಕಿವಿಯದ್ದು. ಅದಕ್ಕೆ ಅತಿ ಚೆನ್ನಾಗಿ ಕೇಳುವುದು ಸೆಕೆಂಡಿಗೆ 2,000ದಿಂದ 4,000 ಕಂಪನಗಳ ನಡುವಿನ ಸದ್ದು. ಅದು ಮಾತಾಡುವುದೂ ಹೆಚ್ಚುಕಡಿಮೆ ಈ ಎತ್ತರದಲ್ಲೇ, ಅದಕ್ಕೇ ಬಡ್ಜಿಯ ಮಾತು ವೇಗ ಹೆಚ್ಚಿಸಿದ ಹಳೆಯ ಟೇಪಿನಂತೆ ಕೀರಲಾಗಿರುತ್ತದೆ. ನಮ್ಮ ಪ್ರತಿ ಸ್ವರಕ್ಕೂ ಒಂದು ಗುರುತಿನ ಅನುರಣನವಿದೆ. ‘ಈ’ಕಾರವನ್ನು ‘ಈ’ ಎಂದು ತೋರಿಸಿಕೊಡುವ ಅನುರಣನ 2,000ಕ್ಕಿಂತ ಮೇಲೆ, ಅಂದರೆ ನೇರ ಬಡ್ಜಿಯ ಕಿವಿಗೆ ಬೀಳುವ ಜಾಗದಲ್ಲಿದೆ. ‘ಏ’ ಅದಕ್ಕೆ ಹತ್ತಿರ. ‘ಆ’ ಸ್ವಲ್ಪ ಕೆಳಗಿದ್ದರೂ ಬಾಯಿ ಪೂರ್ತಿ ತೆರೆದು ಹೇಳುವುದರಿಂದ ಗಟ್ಟಿಯಾಗಿ ಮುಟ್ಟುತ್ತದೆ. ‘ಊ’ ಮಾತ್ರ 1,000ದ ಕೆಳಗೇ ಮುಗಿದುಹೋಗುತ್ತದೆ, ಬಡ್ಜಿಯ ಪಾಲಿಗೆ ಅದು ಮಂಕು ಸ್ವರ. ‘ಓ’ ಇವೆರಡರ ನಡುವೆ ಎಲ್ಲೋ. ಇದೇ ಕಾರಣಕ್ಕೆ ‘ಸ’ಕಾರದಲ್ಲೂ ಮೋಸವಿದೆ. ಅದರ ಸುಯ್‌ಗುಟ್ಟುವಿಕೆ ಬಹಳ ಮೇಲಿನ ಕಂಪನಗಳಲ್ಲಿರುವುದರಿಂದ ಬಡ್ಜಿಗೆ ಅರೆಬರೆ ಕೇಳುತ್ತದೆ. ‘ಶ’ ಅದಕ್ಕಿಂತ ವಾಸಿ. ‘ಸೋನಿ’ ಎಂದು ಕಲಿಸಿದರೆ ‘ಓನಿ’ ಎಂದು ವಾಪಸು ಬಂದೀತು.

ಇಷ್ಟನ್ನು ಕೈಯಲ್ಲಿಟ್ಟುಕೊಂಡು ಹೆಸರು ಆರಿಸುವ ಒಂದು ಸುಲಭದ ಕ್ರಮವಿದೆ. ಮನಸ್ಸಿನಲ್ಲಿರುವ ಹೆಸರನ್ನು ಚೀಟಿಯಲ್ಲಿ ಬರೆಯಿರಿ. ಅದರ ಕೆಳಗೆ ವ್ಯಂಜನಗಳನ್ನೆಲ್ಲ ಕಳೆದು ಸ್ವರಗಳನ್ನು ಮಾತ್ರ ಬರೆಯಿರಿ. ಹಕ್ಕಿ ಮೊದಲ ಕೆಲವು ವಾರ ಹೇಳುವುದು ಈ ಎರಡನೆಯ ಸಾಲನ್ನು, ದುರದೃಷ್ಟವಿದ್ದರೆ ಕೊನೆಯವರೆಗೂ ಇದನ್ನೇ. ಹೀಗಾಗಿ ಎರಡನೆಯ ಸಾಲೇ ಹೆಸರಿನಂತೆ ಕೇಳಬೇಕು. ಅದಕ್ಕೆ ಎರಡು ಬೇರೆ ಬೇರೆ ಸ್ವರಗಳಿರಲಿ, ಒಂದಾದರೂ ದೀರ್ಘವಾಗಿರಲಿ. ‘ಚಿಕ್ಕಿ’ಯ ಸ್ವರ ‘ಇ-ಇ’. ಬಡ್ಜಿಯ ಕಿವಿಗೆ ಅದು ಚೆನ್ನಾಗಿ ಬೀಳುತ್ತದೆ ನಿಜ, ಆದರೆ ದಿನವಿಡೀ ಚಿಲಿಪಿಲಿಗುಟ್ಟುವ ಹಕ್ಕಿ ತನ್ನ ಹೆಸರು ಹೇಳಿತೋ ಸುಮ್ಮನೆ ಕಿಚಕಿಚ ಎಂದಿತೋ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ. ‘ಆ-ಈ’ ಹಾಗಲ್ಲ. ಒಂದರಿಂದ ಇನ್ನೊಂದಕ್ಕೆ ನಾಲಿಗೆ ದೊಡ್ಡ ಜಿಗಿತ ಹಾಕುತ್ತದೆ, ಹಕ್ಕಿ ಅದನ್ನು ಅರ್ಧ ಮಾಡಿದರೂ ನಮಗೆ ಮನುಷ್ಯರ ಮಾತಿನಂತೆ ಕೇಳುತ್ತದೆ. ನನ್ನ ಆಯ್ಕೆ ಯಾವತ್ತೂ ‘ಆ-ಈ’, ಅದಿಲ್ಲದಿದ್ದರೆ ‘ಈ-ಆ’ ಅಥವಾ ‘ಏ-ಆ’.

ಈ ಲೆಕ್ಕದಲ್ಲಿ ಕನ್ನಡದ ಮನೆಗೆ ಒಂದು ಅನುಕೂಲವಿದೆ. ನಮ್ಮ ಮಾತು ಸ್ವರದಲ್ಲಿ ಮುಗಿಯದೆ ಸಮಾಧಾನಪಡುವುದಿಲ್ಲ. ‘ಬಸ್’ ಬಂದರೆ ‘ಬಸ್ಸು’ ಮಾಡಿಕೊಂಡೆವು, ‘ಕಾರ್’ ಬಂದರೆ ‘ಕಾರು’. ಕರೆಯುವಾಗಲಂತೂ ಕೊನೆಯ ಸ್ವರವನ್ನು ತಾನಾಗಿ ಎಳೆಯುತ್ತೇವೆ: ‘ಅಕ್ಕಾ’, ‘ತಂಗೀ’, ‘ರಾಮಾ’. ‘ಮ್ಯಾಕ್ಸ್’, ‘ಜ್ಯಾಕ್’ ಎಂದು ಟಿವಿ ನೋಡಿ ಇಟ್ಟ ಹೆಸರುಗಳು ಹಕ್ಕಿಗೆ ಕಷ್ಟವಾಗುವುದು ಇಲ್ಲೇ. ತುದಿಯಲ್ಲಿ ಬರುವ ಒಂಟಿ ವ್ಯಂಜನ ಹಕ್ಕಿಯ ಬಾಯಲ್ಲಿ ಉದುರಿಹೋಗುತ್ತದೆ, ಉಳಿಯುವುದು ಬರೀ ‘ಆ್ಯ’. ಕನ್ನಡದ ಇನ್ನೊಂದು ಉಪಕಾರ ಒತ್ತಕ್ಷರ. ‘ಕ್ಕ’, ‘ಟ್ಟ’, ‘ಚ್ಚ’ ಹೇಳುವಾಗ ಮಧ್ಯೆ ಒಂದು ಕ್ಷಣ ಸದ್ದು ಪೂರ್ತಿ ನಿಲ್ಲುತ್ತದೆ. ‘ಕ’ ಸ್ಪಷ್ಟವಾಗದಿದ್ದರೂ ಆ ನಿಲುಗಡೆಯನ್ನು ಹಕ್ಕಿ ಹಿಡಿದುಕೊಳ್ಳಬಲ್ಲದು, ಅಲೆಕ್ಸ್ ‘ಪ’ದ ಜಾಗವನ್ನು ಹಿಡಿದುಕೊಂಡಂತೆ.

ಈಗ ಆ ನಾಲ್ಕು ಚೀಟಿಗಳನ್ನು ಬಿಡಿಸೋಣ. ಅಜ್ಜಿಯ ‘ಶಂಭು’ವಿನಲ್ಲಿ ಸ್ವರಗಳು ‘ಅ-ಉ’. ಎರಡೂ ಹ್ರಸ್ವ, ಎರಡನೆಯದು ಬಡ್ಜಿಗೆ ಮಂಕು. ನಡುವೆ ತುಟಿ ಮುಚ್ಚುವ ‘ಂಭು’, ಅದರಲ್ಲಿ ಒಂದು ಮಹಾಪ್ರಾಣ ಬೇರೆ. ಹಕ್ಕಿಯ ಬಾಯಿಂದ ಇದು ‘ಶಅ್’ ಎಂಬ ಉಸಿರಿನಂತೆ ಬರುವ ಸಾಧ್ಯತೆಯೇ ಹೆಚ್ಚು. ಶಿವನ ಹೆಸರೇ ಬೇಕಿದ್ದರೆ ಅಜ್ಜಿಗೆ ‘ಈಶಾ’ ಎಂದು ಸೂಚಿಸಬಹುದು: ‘ಈ-ಆ’, ನಡುವೆ ಪರವಾಗಿಲ್ಲದ ‘ಶ’, ತುಟಿಯ ಕೆಲಸವೇ ಇಲ್ಲ. ತಾಯಿಯ ‘ಸ್ನೇಹಾ’ದಲ್ಲಿ ‘ಏ-ಆ’ ಚೆನ್ನಾಗಿದೆ. ಆದರೆ ಶುರುವಿನಲ್ಲೇ ಸರಿಯಾಗಿ ಕೇಳದ ‘ಸ’ಕ್ಕೆ ‘ನ’ ಅಂಟಿಕೊಂಡಿದೆ, ಮಧ್ಯದ ‘ಹ’ ಬರೀ ಉಸಿರು, ಹಕ್ಕಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಉಳಿಯುವುದು ‘ಏಆ’ ಎಂಬ ಒಂದೇ ಎಳೆತ. ಎರಡು ಸ್ವರದ ನಡುವೆ ಕತ್ತರಿಸುವ ವ್ಯಂಜನವೊಂದು ಬೇಕು ಎನ್ನುವುದು ಇದರಿಂದ ತಿಳಿಯುತ್ತದೆ. ಬರೀ ಸ್ವರವಿದ್ದರೆ ಅದು ಕೂಗಾಗುತ್ತದೆ, ಹೆಸರಾಗುವುದಿಲ್ಲ.

ಮಗಳ ‘ನೇತ್ರಾಣಿ’ಯಲ್ಲಿ ‘ಏ-ಆ-ಇ’ ಮೂರು ಸ್ವರಗಳು ಸಾಲಾಗಿ ಕೂತಿವೆ, ಸಂಪತ್ತೇ ಸರಿ. ಆದರೆ ‘ತ್ರ’ ಒಂದು ಗಂಟು, ಮೊದಲ ಹೆಸರಿಗೆ ಮೂರು ಅಕ್ಷರ ಸ್ವಲ್ಪ ಉದ್ದ. ದಿನಬಳಕೆಗೆ ‘ರಾಣಿ’ ಎಂದು ತುಂಡು ಮಾಡಿದರೆ ‘ಆ-ಇ’ ಸಿಗುತ್ತದೆ. ನಿಲ್ಲಿ, ಇಲ್ಲೊಂದು ಸ್ಥಳೀಯ ತಾಪತ್ರಯವಿದೆ. ‘ಣ’ ಮೂಗಿನಿಂದ ಬರುವ ಮೃದುವಾದ ಅಕ್ಷರ, ಹಕ್ಕಿಯ ಬಾಯಲ್ಲಿ ಸುಲಭವಾಗಿ ಕರಗುತ್ತದೆ. ಮೊದಲ ‘ರ’ವೂ ಬಿದ್ದುಹೋದರೆ ಪಂಜರದಿಂದ ಬರುವುದು ‘ಆಯಿ’. ಹೊನ್ನಾವರ, ಕುಮಟಾ ಕಡೆಯ ಹವ್ಯಕರ ಮನೆಯಲ್ಲೂ ಕೊಂಕಣಿ ಮಾತಾಡುವ ಹಲವು ಮನೆಗಳಲ್ಲೂ ‘ಆಯಿ’ ಎಂದರೆ ತಾಯಿ. ಗಿಳಿ ಬೆಳಗಿನಿಂದ ಸಂಜೆಯವರೆಗೆ ‘ಆಯೀ, ಆಯೀ’ ಎಂದು ಕೂಗುತ್ತಿದ್ದರೆ ಅಡಿಗೆಮನೆಯಲ್ಲಿದ್ದವಳು ಎಷ್ಟು ಸಲ ಓಗೊಡಬೇಕು? ಅದು ಕರೆದಾಗಲೆಲ್ಲ ಅವಳು ಬಂದರೆ ಹಕ್ಕಿಗೆ ಅದೇ ಬಹುಮಾನ, ತಿದ್ದಿಕೊಳ್ಳುವ ಗೋಜಿಗೇ ಅದು ಹೋಗುವುದಿಲ್ಲ. ಅಮ್ಮನನ್ನು ‘ಅಮ್ಮಾ’ ಎಂದೇ ಕರೆಯುವ ಮನೆಯಲ್ಲಿ ಮಾತ್ರ ‘ರಾಣಿ’ ಒಳ್ಳೆಯ ಹೆಸರು.

ಉಳಿದದ್ದು ಮಗನ ‘ರಾಕಿ’. ಸ್ವರಗಳು ‘ರಾಣಿ’ಯವೇ, ‘ಆ-ಇ’. ಆದರೆ ನಡುವೆ ‘ಕ’ ಇದೆ. ಅದನ್ನು ನಾಲಿಗೆಯ ಹಿಂಭಾಗದಿಂದ ಹೇಳುತ್ತೇವೆ, ತುಟಿ ಬೇಡ. ಅದು ಸದ್ದನ್ನು ಕರಗಿಸುವುದಿಲ್ಲ, ಕತ್ತರಿಸುತ್ತದೆ. ಹಕ್ಕಿ ‘ಕ’ವನ್ನು ‘ಟ’ ಮಾಡಿದರೂ, ಬರೀ ಖಾಲಿ ಬಿಟ್ಟರೂ, ‘ಆ’ ಆದಮೇಲೆ ಒಂದು ತಡೆ, ಆಮೇಲೆ ‘ಈ’ ಎಂಬ ಆಕಾರ ಉಳಿಯುತ್ತದೆ. ‘ಆಯಿ’ಗೂ ಅದಕ್ಕೂ ಗೊಂದಲವಾಗುವುದಿಲ್ಲ. ಕರೆಯುವಾಗ ‘ರಾಕ್ಕೀ’ ಎಂದು ಸ್ವಲ್ಪ ಒತ್ತಿ, ಕೊನೆಗೆ ಎಳೆದರೆ ಇನ್ನೂ ಒಳ್ಳೆಯದು. ಸಿನಿಮಾ ಹುಚ್ಚಿನ ಹೆಸರು ಗೆದ್ದದ್ದಕ್ಕೆ ಅಜ್ಜಿಗೆ ಬೇಸರವಾದರೆ ‘ಈಶಾ’ ಇದ್ದೇ ಇದೆ. ‘ನೇತ್ರಾಣಿ’ಯನ್ನು ಪಂಜರದ ಮೇಲೆ ಬರೆದು ತೂಗುಹಾಕಿ, ಮಗಳಿಗೂ ಸಮಾಧಾನವಾಗಲಿ.

ಹೆಸರು ಇತ್ಯರ್ಥವಾದ ಮೇಲೆ ಎರಡನೆಯ ಸಾಲನ್ನು ಮನೆಮಂದಿಯ ಹೆಸರುಗಳ ಸ್ವರಗಳೊಂದಿಗೂ ಒಮ್ಮೆ ಹೋಲಿಸಿ. ಮನೆಯಲ್ಲಿ ಆಗಲೇ ಒಬ್ಬಳು ‘ಲಾಲಿ’ಯೋ ‘ಗಾರ್ಗಿ’ಯೋ ಇದ್ದರೆ ‘ರಾಕಿ’ ಬೇಡ. ಹಾಗೆಯೇ ಮನೆಯಲ್ಲಿ ಕನ್ನಡ, ಕೊಂಕಣಿ, ಭಟ್ಕಳದಲ್ಲಾದರೆ ನವಾಯತಿ, ಹೀಗೆ ಎರಡು ಮೂರು ಭಾಷೆ ಓಡಾಡುತ್ತಿದ್ದರೂ ಹಕ್ಕಿಯ ಹೆಸರಿಗೆ ಒಂದೇ ರೂಪವಿರಲಿ. ಮುದ್ದಿಗೆ ಒಬ್ಬರು ‘ರಾಕೂ’, ಇನ್ನೊಬ್ಬರು ‘ರಾಕಣ್ಣ’ ಎನ್ನುತ್ತಿದ್ದರೆ ಹಕ್ಕಿಯ ಪಾಲಿಗೆ ಅವು ಮೂರು ಬೇರೆ ಬೇರೆ ಪದಗಳು. ಕಾಡಿನಲ್ಲಿ ಗಿಳಿಗಳು ಹೆಸರಿಗೆ ಸಮನಾದ ಕೂಗನ್ನು ಕಲಿಯುವುದೂ ಮನೆಯವರಿಂದಲೇ. ವೆನೆಜುವೆಲಾದ ಪುಟ್ಟ ಗಿಳಿಗಳ ಗೂಡುಗಳಲ್ಲಿ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ಮೊಟ್ಟೆಗಳನ್ನು ಅದಲುಬದಲು ಮಾಡಿ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಮರಿಗಳ ಗುರುತಿನ ಕೂಗು ಹೆತ್ತವರದ್ದಕ್ಕಲ್ಲ, ಸಾಕಿದವರದ್ದಕ್ಕೆ ಹೋಲುತ್ತಿತ್ತು.

ಕಲಿಸಲು ಎಳೆಯ ಹಕ್ಕಿ ಒಳ್ಳೆಯದು, ಮೂರರಿಂದ ಆರು ತಿಂಗಳ ನಡುವಿನದ್ದು. ಮೊದಲು ಒಂದನ್ನೇ ತನ್ನಿ. ಜೋಡಿ ತಂದರೆ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ನಮ್ಮ ಭಾಷೆ ಅವಕ್ಕೆ ಬೇಡ. ಒಂಟಿ ಹಕ್ಕಿಗೆ ಸಂಗಾತ ಬೇಕೇ ಬೇಕಾದ್ದರಿಂದ ಹೀಗೆ ತಂದವರು ದಿನಾ ಅದರ ಜೊತೆ ಕೂರುವ ಹೊಣೆಯನ್ನೂ ಹೊರಬೇಕು. ಬೆಳಿಗ್ಗೆ ಪಂಜರದ ಬಟ್ಟೆ ತೆಗೆಯುವಾಗ ಹತ್ತು ನಿಮಿಷ, ಸಂಜೆ ಕಾಳು ಹಾಕುವಾಗ ಹತ್ತು ನಿಮಿಷ ಸಾಕು. ಮುಖ ಹತ್ತಿರ ತಂದು, ಫ್ಯಾನು ಟಿವಿ ನಿಲ್ಲಿಸಿ, ಒಂದೇ ರಾಗದಲ್ಲಿ ‘ರಾಕ್ಕೀ’ ಎನ್ನಿ. ಹೆಂಗಸರ, ಮಕ್ಕಳ ಧ್ವನಿ ಎತ್ತರದಲ್ಲಿರುವುದರಿಂದ ಬಡ್ಜಿಗೆ ಹೆಚ್ಚು ಹಿಡಿಸುತ್ತದೆ. ಹೇಳಿದ ಕೂಡಲೇ ನವಣೆ ತೆನೆಯ ಚೂರೋ ಕೊತ್ತಂಬರಿ ಸೊಪ್ಪೋ ಕೈಗೆ ಬರಲಿ, ಆಗ ಆ ಸದ್ದಿಗೆ ಬೆಲೆ ಬರುತ್ತದೆ. ಮೊಬೈಲಿನಲ್ಲಿ ಹೆಸರು ಧ್ವನಿಮುದ್ರಿಸಿ ದಿನವಿಡೀ ಕೇಳಿಸುವವರಿದ್ದಾರೆ. ಬರೀ ಟೇಪು ಕೇಳಿಸಿದ ಬೂದು ಗಿಳಿಗಳು ಪದಗಳನ್ನು ಕಲಿಯಲಿಲ್ಲ ಎಂಬುದು ಪೆಪ್ಪರ್‌ಬರ್ಗ್ ಅವರ ಪ್ರಯೋಗಾಲಯದ ಅನುಭವ. ಎದುರಿಗೆ ಕೂತು ಪ್ರತಿಕ್ರಿಯಿಸುವ ಜೀವ ಬೇಕು.

ಕರಾವಳಿಯಲ್ಲಿ ಕಾಲವನ್ನೂ ನೋಡಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ, ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳುವುದಿಲ್ಲ. ಮಳೆಯ ಒಂದೇ ಸಮನೆ ಸುರಿವ ಸದ್ದು ಮೊದಲು ನುಂಗುವುದು ವ್ಯಂಜನಗಳನ್ನೇ. ಹೊಸ ಹೆಸರು ಕಲಿಸುವುದಾದರೆ ಮಳೆ ಬಿಟ್ಟ ಮೇಲೆ ಶುರುಮಾಡುವುದು ಲೇಸು. ಮಳೆಗಾಲದಲ್ಲೇ ಹಕ್ಕಿ ಬಂತು ಎಂದಾದರೆ ಪಂಜರವನ್ನು ಜಗಲಿಯಿಂದ ಒಳಕೋಣೆಗೆ ತನ್ನಿ, ಅಡಿಗೆಮನೆಗೆ ಮಾತ್ರ ಬೇಡ. ಕುಕ್ಕರಿನ ಸೀಟಿ ಎತ್ತರದಲ್ಲಿಯೂ ಗಟ್ಟಿತನದಲ್ಲಿಯೂ ಬಡ್ಜಿಗೆ ಹೇಳಿಮಾಡಿಸಿದ ಸದ್ದು, ನಿಮ್ಮ ಹೆಸರಿಗಿಂತ ಮೊದಲು ಅದನ್ನೇ ಕಲಿತುಬಿಡುತ್ತದೆ.

ಹಕ್ಕಿ ಕಲಿಯುತ್ತಿದೆಯೇ ಎಂದು ತಿಳಿಯಲು ಅದು ನಿಮ್ಮೆದುರು ಹೇಳುವವರೆಗೆ ಕಾಯಬೇಕಿಲ್ಲ. ಮಧ್ಯಾಹ್ನವೋ ಮುಸ್ಸಂಜೆಯೋ, ಅರೆಗಣ್ಣು ಮುಚ್ಚಿ, ಗರಿ ಉಬ್ಬಿಸಿಕೊಂಡು, ತನ್ನಷ್ಟಕ್ಕೆ ಏನೋ ಗುಣುಗುಣಿಸುತ್ತಿರುತ್ತದೆ. ಅಭ್ಯಾಸ ನಡೆಯುವುದು ಆಗ. ಮೊಬೈಲನ್ನು ಪಂಜರದ ಪಕ್ಕ ಇಟ್ಟು ಧ್ವನಿಮುದ್ರಿಸಿ, ಅರ್ಧ ವೇಗದಲ್ಲಿ ಕೇಳಿ. ಮೊದಲಿಗೆ ರಾಗ ಮಾತ್ರ ಸಿಗುತ್ತದೆ, ಏರಿ ಇಳಿಯುವ ಎರಡು ಮೆಟ್ಟಿಲು. ಆಮೇಲೆ ‘ಆ…ಈ’. ಇಷ್ಟು ಬಂದರೆ ನೀವು ಆರಿಸಿದ ಸ್ವರ ಸರಿಯಾಗಿದೆ, ಬದಲಿಸಬೇಡಿ. ಕೆಲವು ಗಂಡುಗಳು ಕೆಲವೇ ವಾರಗಳಲ್ಲಿ ಇಲ್ಲಿಗೆ ಬರುತ್ತವೆ, ಕೆಲವು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ, ಬಾಯೇ ಬಿಡದವೂ ಇವೆ. ತಿಂಗಳುಗಳಾದರೂ ಗುಣುಗುಣಿಸುವಿಕೆಯಲ್ಲಿ ನಿಮ್ಮ ಹೆಸರಿನ ರಾಗದ ಸುಳಿವೇ ಇಲ್ಲದಿದ್ದರೆ ದೋಷ ಹೆಸರಿನದ್ದಲ್ಲದಿರಬಹುದು. ಹಕ್ಕಿ ಹೆಣ್ಣಾಗಿರಬಹುದು, ಕೋಣೆಯಲ್ಲಿ ಗದ್ದಲವಿರಬಹುದು, ಪಕ್ಕದಲ್ಲೇ ಕನ್ನಡಿಯಿದ್ದು ಅದು ಪ್ರತಿಬಿಂಬದ ಜೊತೆ ಮಾತಾಡುತ್ತಿರಬಹುದು. ಕನ್ನಡಿ ತೆಗೆದು ನೋಡಿ.

ರಾಗ ಬಂದು, ಸ್ವರವೂ ಬಂದು, ವ್ಯಂಜನ ಮಾತ್ರ ಬಾರದಿದ್ದರೆ ಹೆಸರನ್ನು ನಿಧಾನಗೊಳಿಸಬೇಡಿ. ‘ರಾ… ಕಿ’ ಎಂದು ಬಿಡಿಸಿ ಹೇಳಿದರೆ ಹಕ್ಕಿ ಆ ಬಿಡುವನ್ನೂ ಸೇರಿಸಿ ಕಲಿಯುತ್ತದೆ. ವೇಗ ಹಾಗೇ ಇರಲಿ, ‘ಕ್ಕ’ದ ಮೇಲೆ ಮಾತ್ರ ಒತ್ತು ಹೆಚ್ಚಿಸಿ. ಹಕ್ಕಿಗೆ ಹೆಸರು ಬೇರೆ, ಮಾತು ಬೇರೆ ಎಂಬ ಭೇದವಿಲ್ಲದ್ದರಿಂದ ಅದು ಕೇಳಿದ ಇಡೀ ತುಣುಕನ್ನು ಒಂದೇ ಪದವೆಂದು ಕಲಿಯುತ್ತದೆ ಎಂಬುದನ್ನೂ ಮರೆಯಬಾರದು. ದಿನಾ ‘ರಾಕಿ ಬಾ’ ಎಂದರೆ ಅದರ ಹೆಸರು ‘ರಾಕಿಬಾ’ ಆಗುತ್ತದೆ, ‘ಬ’ಕ್ಕೆ ತುಟಿಯಿಲ್ಲದೆ ‘ರಾಕಿಆ’ ಆಗುತ್ತದೆ. ಮೊದಲು ಹೆಸರೊಂದನ್ನೇ ಹೇಳಿ. ಅದು ಗಟ್ಟಿಯಾದ ಮೇಲೆ ಮುಂದಿನ ಮಾತಿಗೂ ಅದೇ ಲೆಕ್ಕ ಹಾಕಿ. ನಮ್ಮ ಕಡೆ ಮನೆಗೆ ಬಂದವರನ್ನು ಕೇಳುವ ‘ಊಟ ಆತಾ?’ದಲ್ಲಿ ತುಟಿ ಮುಚ್ಚುವ ಅಕ್ಷರ ಒಂದೂ ಇಲ್ಲ, ಸ್ವರಗಳು ತುಂಬಿವೆ, ಕೊನೆಯ ‘ತಾ’ ಏರುರಾಗದಲ್ಲಿ ನಿಲ್ಲುತ್ತದೆ. ‘ಊ’ ಮಂಕಾದರೂ ಉಳಿದದ್ದು ಅದನ್ನು ಎತ್ತಿಕೊಂಡು ಹೋಗುತ್ತದೆ.

ಈಗಾಗಲೇ ‘ಪಪ್ಪು’, ‘ಬಬ್ಲು’ ಎಂದು ಹೆಸರಿಟ್ಟುಬಿಟ್ಟವರು, ಹಕ್ಕಿ ಆ ಹೆಸರಿಗೆ ತಿರುಗಿ ನೋಡುತ್ತಿದ್ದರೆ, ಒಮ್ಮೆಲೇ ಬೇರೆ ಹೆಸರಿಗೆ ಹಾರಬೇಕಾಗಿಲ್ಲ. ಹಳೆಯ ಸ್ವರಗಳನ್ನು ಇಟ್ಟುಕೊಂಡು ತುಟಿಯ ಅಕ್ಷರಗಳನ್ನು ಮಾತ್ರ ತೆಗೆಯಿರಿ. ‘ಪಪ್ಪು’ ಮೊದಲು ‘ತಟ್ಟು’ ಆಗಲಿ. ಹಕ್ಕಿಗೆ ರಾಗ ಅದೇ ಆದ್ದರಿಂದ ಗುರುತು ಸಿಗುತ್ತದೆ. ಅದಕ್ಕೂ ಓಗೊಡತೊಡಗಿದ ಮೇಲೆ ಮೊದಲ ಸ್ವರವನ್ನು ಎಳೆದು ‘ತಾಟು’, ಇನ್ನೂ ಕೆಲವು ವಾರ ಬಿಟ್ಟು ಕೊನೆಯ ಮಂಕು ಸ್ವರವನ್ನು ಬದಲಿಸಿ ‘ತಾಟೀ’. ಪ್ರತಿ ಸಲ ಒಂದೇ ಸ್ವರ ಬದಲಾಗಲಿ, ಬದಲಾದ ರೂಪವನ್ನೇ ಮನೆಮಂದಿಯೆಲ್ಲ ಬಳಸಲಿ, ಹಳೆಯ ‘ಪಪ್ಪು’ವನ್ನು ಆಮೇಲೆ ಯಾರೂ ಕರೆಯಬಾರದು.